ಬಂಗುಡೆಯ ಕಿವಿರು ಎತ್ತಿ ನೋಡಿ

ಮೀನಿನ ಮಾರ್ಕೆಟ್ಟಿಗೆ ಹೋದವರು ಮೊದಲು ಕೇಳುವುದು, "ಅಕ್ಕಾ, ಇದು ಇವತ್ತಿನದ್ದಾ?" ಎಂದು. "ಇವತ್ತಿನದ್ದೇ ಮಾರಾಯ್ರೆ, ಬೆಳಗ್ಗೆ ಮಲ್ಪೆಯಿಂದ ಬಂದದ್ದು" ಎಂದು ಉತ್ತರ ಬರುತ್ತದೆ. ಆ ಮಾತು ಸುಳ್ಳಲ್ಲ. ಮೀನು ಮಲ್ಪೆಯಿಂದ ಬಂದದ್ದು ಬೆಳಗ್ಗೆಯೇ. ಆದರೆ ಬಲೆಗೆ ಬಿದ್ದದ್ದು ಯಾವಾಗ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಕೈರಂಪಣಿಯಲ್ಲಿ ದಡಕ್ಕೆ ಎಳೆದ ಮೀನು ಒಂದೆರಡು ಗಂಟೆಯಲ್ಲಿ ಬುಟ್ಟಿ ಸೇರುತ್ತದೆ. ಆಳಸಮುದ್ರಕ್ಕೆ ಹೋದ ಟ್ರಾಲ್ ಬೋಟಿನ ಮೀನಾದರೆ ಎಷ್ಟೋ ದಿನ ಐಸಿನಲ್ಲೇ ಇದ್ದು ಬಂದಿರಬಹುದು. ಎರಡೂ ಒಂದೇ ದಿನ ಮಾರಾಟಕ್ಕೆ ಬಂದರೆ ಎರಡೂ 'ಇವತ್ತಿನದ್ದೇ'.

ದಿನಕ್ಕಿಂತ ಮುಖ್ಯವಾದದ್ದು ಐಸು. ಹಿಡಿದ ಕೂಡಲೇ ಐಸಿಗೆ ಬಿದ್ದು ಅಲ್ಲೇ ಉಳಿದ ಮೂರು ದಿನದ ಮೀನು, ಬೆಳಗ್ಗೆ ಹಿಡಿದು ಮಧ್ಯಾಹ್ನದ ತನಕ ಬಿಸಿಲಲ್ಲಿ ಬಿದ್ದ ಮೀನಿಗಿಂತ ಎಷ್ಟೋ ಚೆನ್ನಾಗಿರುತ್ತದೆ. ಮೀನಿನ ಮೈ ಅದಕ್ಕಾದ ಬಿಸಿಯ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ಅದನ್ನು ಓದಲು ಕಲಿಯಬೇಕಾದವರಿಗೆ ಬಂಗುಡೆಗಿಂತ ಒಳ್ಳೆಯ ಮೀನಿಲ್ಲ. ಎಲ್ಲ ಮಾರ್ಕೆಟ್ಟಿನಲ್ಲೂ ಸಿಗುತ್ತದೆ, ಬೇಗ ಕೆಡುತ್ತದೆ, ಕೆಡುವ ಗುರುತುಗಳೂ ಸ್ಪಷ್ಟ.

ಕಣ್ಣಿಗೆ ಮೊದಲು ಬೀಳುವುದು ಬಣ್ಣ. ತಾಜಾ ಬಂಗುಡೆಯ ಬೆನ್ನು ನೀಲಿ ಹಸಿರು ಬೆರೆತು ಹೊಳೆಯುತ್ತದೆ. ಬೆನ್ನಿನ ಮೇಲೆ ಉದ್ದುದ್ದ ಓಡುವ ಪಟ್ಟೆಗಳಿಗೆ ಚಿನ್ನದ ಛಾಯೆ ಇರುತ್ತದೆ. ಹಳತಾದಂತೆ ಆ ಚಿನ್ನ ಮಾಯವಾಗಿ ಪಟ್ಟೆ ಬರೀ ಕಪ್ಪಾಗುತ್ತದೆ, ಮೈ ಮಂಕಾಗುತ್ತದೆ.

ಕಣ್ಣನ್ನು ಎಲ್ಲರೂ ನೋಡುತ್ತಾರೆ. ತಾಜಾ ಮೀನಿನ ಕಣ್ಣು ತುಸು ಉಬ್ಬಿಕೊಂಡು, ನಡುವಿನ ಪಾಪೆ ಕಪ್ಪಾಗಿ, ಮೇಲಿನ ಪೊರೆ ತಿಳಿಯಾಗಿರುತ್ತದೆ. ಹಳತಾದಾಗ ಗುಡ್ಡೆ ಚಪ್ಪಟೆಯಾಗಿ ಆಮೇಲೆ ಒಳಗೆ ಕುಸಿಯುತ್ತದೆ, ಪಾಪೆ ಬೂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಕಣ್ಣೊಂದನ್ನೇ ನಂಬಿ ಮೀನು ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಐಸಿನ ಗಡ್ಡೆಗೆ ಒತ್ತಿ ಕೂತ ಕಣ್ಣು ಒಳ್ಳೆಯ ಮೀನಿನಲ್ಲೂ ಬೆಳ್ಳಗಾಗುತ್ತದೆ. ಹಾಗಾಗಿ ಒಂದು ಕಣ್ಣು ಮಂಜಾಗಿದ್ದರೆ ಮೀನನ್ನು ಮಗುಚಿ ಇನ್ನೊಂದನ್ನೂ ನೋಡಬೇಕು. ಎರಡೂ ಮಂಜಾಗಿ ಕುಸಿದಿದ್ದರೆ ಮಾತ್ರ ಅದಕ್ಕೆ ಅರ್ಥವಿದೆ.

ನಿಜವಾದ ಸಾಕ್ಷಿ ಇರುವುದು ಕಿವಿರಿನಲ್ಲಿ. ಹೆಬ್ಬೆರಳಿನಿಂದ ಕೆನ್ನೆಯ ಗಟ್ಟಿ ಮುಚ್ಚಳ ಎತ್ತಿದರೆ ಒಳಗೆ ಬಾಚಣಿಗೆಯ ಹಲ್ಲಿನಂತೆ ಸಾಲಾಗಿರುವ ಎಸಳುಗಳು ಕಾಣುತ್ತವೆ. ಮೀನು ಉಸಿರಾಡುವುದು ಇವುಗಳಿಂದ, ಹಾಗಾಗಿ ಇಲ್ಲಿ ರಕ್ತ ತುಂಬಿರುತ್ತದೆ. ತಾಜಾ ಮೀನಿನಲ್ಲಿ ಎಸಳುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ, ಕಡುಗೆಂಪಾಗಿ ಇರುತ್ತವೆ. ಅವುಗಳ ಮೇಲಿನ ಲೋಳೆ ತೆಳ್ಳಗೆ, ನೀರಿನಷ್ಟು ತಿಳಿಯಾಗಿರುತ್ತದೆ. ಹೊತ್ತು ಕಳೆದಂತೆ ರಕ್ತದ ಕೆಂಪು ಗಾಳಿಗೆ ಕಂದಾಗುತ್ತದೆ. ಇಟ್ಟಿಗೆ ಬಣ್ಣ, ಕಾಫಿ ಬಣ್ಣ, ಕೊನೆಗೆ ಬೂದು. ತೇವವೂ ರಕ್ತವೂ ಇರುವಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುವುದರಿಂದ ಲೋಳೆ ದಪ್ಪಗಾಗಿ, ಹಾಲಿನಂತೆ ಬಿಳುಚಿ, ಎಸಳುಗಳು ಅಂಟಿಕೊಳ್ಳುತ್ತವೆ. ಐಸು ಕರಗಿದ ನೀರಿನಲ್ಲಿ ತುಂಬಾ ಹೊತ್ತು ನೆನೆದ ಕಿವಿರೂ ತೊಳೆದುಹೋಗಿ ಪೇಲವವಾಗಬಹುದು. ಆಗ ಬಣ್ಣಕ್ಕಿಂತ ಲೋಳೆಯನ್ನು ನೋಡಬೇಕು. ತಲೆ ಕತ್ತರಿಸಿದ ಅಥವಾ ಕಿವಿರು ತೆಗೆದ ಮೀನು ಸಿಕ್ಕರೆ ಈ ಸಾಕ್ಷಿಯೇ ಇಲ್ಲ. ಅಂಥದ್ದನ್ನು ಚೆನ್ನಾಗಿ ಪರಿಚಯವಿರುವ ಕಡೆ ಮಾತ್ರ ಕೊಳ್ಳಿ.

ಮೂಸಿ ನೋಡುವುದೂ ಅಲ್ಲೇ. ಮೈಯನ್ನು ತೊಳೆದಿರುತ್ತಾರೆ, ಕಿವಿರಿನ ಒಳಗನ್ನು ತೊಳೆಯುವುದು ಅಪರೂಪ. ತಾಜಾ ಮೀನಿಗೆ ಸಮುದ್ರದ ನೀರಿನ, ಪಾಚಿಯ ವಾಸನೆ ಇರುತ್ತದೆ. 'ಮೀನಿನ ನಾತ' ಎಂದು ನಾವು ಕರೆಯುವುದು ಆಮೇಲೆ ಹುಟ್ಟುವಂಥದ್ದು. ಸಮುದ್ರದ ಮೀನಿನ ಮಾಂಸದಲ್ಲಿ ವಾಸನೆಯೇ ಇಲ್ಲದ ಒಂದು ವಸ್ತು ಇರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಟ್ರೈಮೀಥೈಲ್ ಅಮೀನ್ ಮಾಡುತ್ತವೆ, ನಾತ ಬರುವುದು ಇದರಿಂದ. ನಾತ ಹುಳಿಗೆ ಅಥವಾ ಅಮೋನಿಯಕ್ಕೆ ತಿರುಗಿದರೆ ಮೀನು ಕೆಟ್ಟಿದೆ.

ಇನ್ನು ಗಟ್ಟಿತನ. ಸತ್ತ ಕೆಲವು ಗಂಟೆಗಳಲ್ಲಿ ಮೀನಿನ ಮೈ ಸೆಟೆದುಕೊಳ್ಳುತ್ತದೆ. ತಲೆಯ ಹತ್ತಿರ ಹಿಡಿದು ಅಡ್ಡಕ್ಕೆ ಎತ್ತಿದಾಗ ಬಾಲ ಜೋಲದೆ ನೇರ ನಿಂತರೆ ಬಂಗುಡೆ ಇನ್ನೂ ಆ ಹಂತದಲ್ಲಿದೆ ಎಂದರ್ಥ. ಇಷ್ಟು ತಾಜಾ ಸಿಕ್ಕುವುದು ಅದೃಷ್ಟ. ಸೆಟೆತ ಬಿಟ್ಟ ಮಾತ್ರಕ್ಕೆ ಮೀನು ಕೆಟ್ಟಿತು ಎಂದಲ್ಲ. ಬೆನ್ನಿನ ದಪ್ಪ ಭಾಗವನ್ನು ಬೆರಳಿನಿಂದ ಒತ್ತಿ, ಗುಳಿ ತಕ್ಷಣ ಮೇಲೆದ್ದರೆ ಸಾಕು. ಗುಳಿ ಹಾಗೇ ಉಳಿದರೆ ಬೇಡ. ಆಮೇಲೆ ಹೊಟ್ಟೆ ನೋಡಿ. ಬಂಗುಡೆ, ಬೂತಾಯಿಗಳು ಹೊಟ್ಟೆ ತುಂಬಾ ತಿಂದಿರುವಾಗ ಬಲೆಗೆ ಬಿದ್ದರೆ, ಆಹಾರ ಅರಗಿಸುವ ರಸಗಳೇ ಹೊಟ್ಟೆಯ ಗೋಡೆಯನ್ನು ತಿನ್ನುತ್ತವೆ. ಬೆನ್ನು ಗಟ್ಟಿ ಇದ್ದರೂ ಹೊಟ್ಟೆ ಮೆತ್ತಗಾಗಿ ಒಡೆದಿರುತ್ತದೆ.

ಒಂದು ಬೆಳಗಿನ ಉದಾಹರಣೆ ನೋಡೋಣ. ಒಂದೇ ಹಲಗೆಯ ಮೇಲೆ ಎರಡು ರಾಶಿ. ಎಡಗಡೆಯದ್ದಕ್ಕೆ ಕಣ್ಣು ತಿಳಿಯಾಗಿದೆ, ಆಗಾಗ ನೀರು ಚಿಮುಕಿಸುವುದರಿಂದ ಮೈ ಹೊಳೆಯುತ್ತದೆ, ಐಸಿಲ್ಲ. ಬಲಗಡೆಯದ್ದು ಪುಡಿ ಐಸಿನಲ್ಲಿ ಹುದುಗಿದೆ, ಕಣ್ಣು ಮಸುಕು. ಗಿರಾಕಿಗಳು ಎಡಕ್ಕೆ ಕೈ ಹಾಕುತ್ತಾರೆ. ಕಿವಿರು ಎತ್ತಿದರೆ ಎಡದ್ದು ಇಟ್ಟಿಗೆ ಬಣ್ಣ, ಎಸಳು ಅಂಟಿವೆ, ಹೊಟ್ಟೆಯ ತುದಿ ಒತ್ತಿದರೆ ಕಂದು ನೀರು ಬರುತ್ತದೆ. ಬಲಗಡೆಯದ್ದರ ಕಿವಿರು ಕೆಂಪು, ಬೆನ್ನು ಬಿಗಿ, ಹೊಟ್ಟೆ ಗಟ್ಟಿ. ಕೊಳ್ಳಬೇಕಾದದ್ದು ಬಲಗಡೆಯ ರಾಶಿಯಿಂದ.

ಗುರುತುಗಳು ಒಂದಕ್ಕೊಂದು ಹೊಂದದೇ ಇದ್ದರೆ ಎಚ್ಚರ. ಕಣ್ಣು ಕುಸಿದಿದೆ, ಕಿವಿರು ಕಂದಿದೆ, ಆದರೆ ಮೈ ರಬ್ಬರಿನಷ್ಟು ಗಟ್ಟಿ, ವಾಸನೆಯೇ ಇಲ್ಲ ಎಂದಾದರೆ ಫಾರ್ಮಾಲಿನ್ ಅನುಮಾನ ಪಡಬೇಕು. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಅಧಿಕಾರಿಗಳು ಚೆಕ್‌ಪೋಸ್ಟ್‌ಗಳಲ್ಲಿ ಇಂಥ ಮೀನನ್ನು ಹಿಡಿದಿದ್ದರು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ದೂರದಿಂದ ಲಾರಿಯಲ್ಲಿ ಮೀನು ಬರುತ್ತದೆ. ಆಗ ಇನ್ನಷ್ಟು ನಿಧಾನವಾಗಿ ನೋಡಿ ಕೊಳ್ಳುವುದು ಒಳ್ಳೆಯದು.

ಈ ಪರೀಕ್ಷೆಗಳಿಗೂ ಒಂದು ಮಿತಿ ಇದೆ, ಬಂಗುಡೆ ತಿನ್ನುವವರು ಅದನ್ನು ತಿಳಿದಿರಲೇಬೇಕು. ಬಂಗುಡೆ, ಬೂತಾಯಿ, ಕೇದರ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಮೀನು ಐಸಿಲ್ಲದೆ ಕೆಲವು ಗಂಟೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಇದು ಕಣ್ಣಿಗೆ ಕಾಣುವುದಿಲ್ಲ, ವಾಸನೆಗೂ ಸಿಗದೇ ಇರಬಹುದು. ಒಮ್ಮೆ ಹುಟ್ಟಿದ ಮೇಲೆ ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಆಮೇಲೆ ಐಸಿಗೆ ಹಾಕಿದರೂ ಅಷ್ಟೇ. ಅದಕ್ಕೇ ಬಂಗುಡೆ ಕೊಳ್ಳುವಾಗ ಕಿವಿರಿನಷ್ಟೇ ಗಮನ ರಾಶಿಯ ಮೇಲಿನ ಐಸಿನ ಮೇಲೂ ಇರಬೇಕು. ಮನೆಗೆ ಒಯ್ಯುವಾಗ ಚೀಲದಲ್ಲಿ ಒಂದು ಹಿಡಿ ಐಸು ಹಾಕಿಸಿಕೊಂಡು, ಹೋದ ಕೂಡಲೇ ಕಿವಿರು, ಕರುಳು ತೆಗೆದು ತೊಳೆದು ಫ್ರಿಜ್ಜಿಗೆ ಇಡಬೇಕು. ಮೀನು ತಿನ್ನುವಾಗ ಮಸಾಲೆಯ ಖಾರಕ್ಕಿಂತ ಬೇರೆಯಾದ, ಮೆಣಸು ಕಾಳು ಕಚ್ಚಿದಂಥ ಉರಿ ನಾಲಿಗೆಗೆ ತಾಗಿದರೆ ತುತ್ತು ಉಗಿದು ನಿಲ್ಲಿಸಿ. ಸ್ವಲ್ಪ ಹೊತ್ತಿನಲ್ಲಿ ಮುಖ, ಕುತ್ತಿಗೆ ಕೆಂಪಾಗಿ, ತಲೆನೋವು, ತುರಿಕೆ ಶುರುವಾದರೆ ವೈದ್ಯರ ಹತ್ತಿರ ಹೋಗಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಎಂದು ಅವರಿಗೆ ಹೇಳಿ. ಇಲ್ಲದಿದ್ದರೆ ಅದು ಮೀನಿನ ಅಲರ್ಜಿ ಎಂದೇ ದಾಖಲಾಗಿಬಿಡಬಹುದು.