ಗಳಿಸಿದ್ದು ಷೇರೋ, ಡಾಲರೋ?

2024ರ ಜನವರಿಯಲ್ಲಿ ನಮ್ಮ ಭಾವ ಫೋನಿನಲ್ಲಿ ಫಂಡ್ ಸ್ಟೇಟ್‌ಮೆಂಟ್ ತೆಗೆದು ತೋರಿಸಿದರು. 2021ರ ಕೊನೆಯಲ್ಲಿ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕದ ಫಂಡ್‌ಗೆ ಹಾಕಿದ್ದ 1 ಲಕ್ಷ ರೂಪಾಯಿ 1 ಲಕ್ಷ 14 ಸಾವಿರದ ಆಸುಪಾಸಿನಲ್ಲಿತ್ತು. "ಅಮೆರಿಕದ ಷೇರು ಅಂದ್ರೆ ಹೀಗೆ ನೋಡು, ನಡುವೆ ಎಷ್ಟು ಬಿದ್ದರೂ ಎದ್ದು ನಿಲ್ಲುತ್ತೆ" ಅಂದರು.

"ಭಾವ, ಇದರಲ್ಲಿ ಷೇರು ದುಡಿದದ್ದು ಎಷ್ಟು, ಲೆಕ್ಕ ಹಾಕಿದ್ರಾ?" ಎಂದೆ. ಇಬ್ಬರೂ ಕ್ಯಾಲ್ಕುಲೇಟರ್ ಹಿಡಿದು ಕೂತೆವು.

2021ರ ಕೊನೆಯ ದಿನ ಆ ಸೂಚ್ಯಂಕ 4,766ರಲ್ಲಿತ್ತು. 2023ರ ಕೊನೆಯ ವಹಿವಾಟಿನ ದಿನ 4,770. ಎರಡು ವರ್ಷ ಇಳಿದು ಏರಿ, ಕೊನೆಗೆ ದಕ್ಕಿದ್ದು 4 ಅಂಶ. ಅದೇ ಅವಧಿಯಲ್ಲಿ ಒಂದು ಡಾಲರ್‌ನ ಬೆಲೆ ಸುಮಾರು 74.30 ರೂಪಾಯಿಯಿಂದ 83.20ಕ್ಕೆ ಹೋಗಿತ್ತು, ಅಂದರೆ ಹೆಚ್ಚುಕಡಿಮೆ ಶೇ 12 ಏರಿಕೆ. ಭಾವನ 14 ಸಾವಿರ ಲಾಭದಲ್ಲಿ 12 ಸಾವಿರ ಬಂದದ್ದು ರೂಪಾಯಿ ಸೊರಗಿದ್ದರಿಂದ. ಉಳಿದ 2 ಸಾವಿರದಷ್ಟು, ಕಂಪನಿಗಳು ಕೊಟ್ಟ ಡಿವಿಡೆಂಡ್‌ನಲ್ಲಿ ತೆರಿಗೆ ಮತ್ತು ಫಂಡ್‌ನ ಖರ್ಚು ಕಳೆದು ನಿಂತ ಹಣ. ಷೇರುಗಳ ಬೆಲೆ ಕೊಟ್ಟದ್ದು ಸೊನ್ನೆಗೆ ಹತ್ತಿರ.

ವಿದೇಶಿ ಫಂಡ್‌ಗೆ ಹಾಕಿದ ನಮ್ಮ ರೂಪಾಯಿ ಮೊದಲು ಡಾಲರ್ ಆಗುತ್ತದೆ, ಆಮೇಲೆ ಷೇರು ಆಗುತ್ತದೆ. ಹಿಂತಿರುಗುವಾಗಲೂ ಅದೇ ಎರಡು ಹೊಸ್ತಿಲು ದಾಟಬೇಕು. ಸ್ಟೇಟ್‌ಮೆಂಟ್ ಮಾತ್ರ ಎರಡನ್ನೂ ಒಂದೇ ಶೇಕಡಾವಾರಿನಲ್ಲಿ ಕಲಸಿ ಕೊಡುತ್ತದೆ.

ಬಿಡಿಸುವುದು ಕಷ್ಟವಿಲ್ಲ. ಆದರೆ ಎರಡು ಶೇಕಡಾವಾರುಗಳನ್ನು ಕೂಡಿದರೆ ಲೆಕ್ಕ ತಪ್ಪುತ್ತದೆ, ಗುಣಿಸಬೇಕು. ಯಾಕೆ ಎಂಬುದು 2022ರ ಒಂದೇ ವರ್ಷವನ್ನು ತೆಗೆದುಕೊಂಡರೆ ಚೆನ್ನಾಗಿ ಕಾಣುತ್ತದೆ. ಆ ವರ್ಷ ಸೂಚ್ಯಂಕ 4,766ರಿಂದ 3,840ಕ್ಕೆ, ಶೇ 19.4ರಷ್ಟು ಕುಸಿಯಿತು. ಡಾಲರ್ 74.30ರಿಂದ ಸುಮಾರು 82.70ಕ್ಕೆ, ಶೇ 11.3ರಷ್ಟು ಏರಿತು. ಕೂಡಿ ಕಳೆದರೆ ನಷ್ಟ ಶೇ 8ರ ಹತ್ತಿರ ಇರಬೇಕು. ನಿಜವಾದ ನಷ್ಟ ಶೇ 10ಕ್ಕಿಂತ ಹೆಚ್ಚು. ಆ 2 ಶೇಕಡಾ ಎಲ್ಲಿ ಹೋಯಿತು?

ಡಿವಿಡೆಂಡ್, ಖರ್ಚು ಪಕ್ಕಕ್ಕಿಟ್ಟು ಭಾವನ ಹಣದ ಹಿಂದೆಯೇ ಹೋಗೋಣ. 1 ಲಕ್ಷ ರೂಪಾಯಿಗೆ ಸಿಕ್ಕಿದ್ದು 1,346 ಡಾಲರ್. ಷೇರು ಕುಸಿದು ವರ್ಷದ ಕೊನೆಗೆ ಉಳಿದದ್ದು 1,084 ಡಾಲರ್. ಒಂದೊಂದು ಡಾಲರ್ ಮೇಲೆ 8.40 ರೂಪಾಯಿ ಹೆಚ್ಚು ಬಂತು ನಿಜ, ಆದರೆ ಉಳಿದುಕೊಂಡ 1,084 ಡಾಲರ್‌ಗೆ ಮಾತ್ರ. ಕರಗಿಹೋದ 262 ಡಾಲರ್‌ಗೆ ವಿನಿಮಯದ ಲಾಭ ಎಲ್ಲಿಂದ ಬರಬೇಕು? ಹೀಗಾಗಿ ಹಳೆಯ ದರದಲ್ಲಿ ಷೇರಿನ ನಷ್ಟ ಸುಮಾರು 19,400 ರೂಪಾಯಿ, ಡಾಲರ್‌ನ ಲಾಭ ಸುಮಾರು 9,100 ರೂಪಾಯಿ, ಕೈಯಲ್ಲಿ ಉಳಿದದ್ದು 89,700. ಕೂಡುವ ಲೆಕ್ಕದವರು ಡಾಲರ್‌ನ ಲಾಭವನ್ನು 11,300 ಎಂದು ಹಿಡಿದಿದ್ದರು. ವ್ಯತ್ಯಾಸದ 2,200 ರೂಪಾಯಿ ಷೇರು ಮತ್ತು ಡಾಲರ್ ಎರಡೂ ಸೇರಿ ಹುಟ್ಟಿಸಿದ್ದು. ಏರಿಳಿತ ಸಣ್ಣದಿದ್ದರೆ ಈ ಮೂರನೆಯ ಪಾಲು ಕಣ್ಣಿಗೆ ಬೀಳುವುದಿಲ್ಲ, ದೊಡ್ಡದಿದ್ದರೆ ಬಿಟ್ಟು ಲೆಕ್ಕ ಕೂಡುವುದಿಲ್ಲ.

ಅಂದರೆ 2022ರಲ್ಲಿ ಅಮೆರಿಕದ ಹೂಡಿಕೆದಾರ 100ಕ್ಕೆ 19 ಕಳೆದುಕೊಂಡಾಗ ನಮ್ಮವರು ಕಳೆದುಕೊಂಡದ್ದು 10. ಡಾಲರ್ ಪೆಟ್ಟಿಗೆ ಹತ್ತಿಯಂತೆ ಅಡ್ಡ ಬಂತು. ಆದರೆ ಅದು ಯಾವಾಗಲೂ ಹಾಗೆ ಬರುವುದಿಲ್ಲ. 2017ರಲ್ಲಿ ಇದೇ ಸೂಚ್ಯಂಕ ಶೇ 19.4ರಷ್ಟು ಏರಿತ್ತು. ಆ ವರ್ಷ ರೂಪಾಯಿ ಬಲಗೊಂಡು ಡಾಲರ್ ಸುಮಾರು 67.95ರಿಂದ 63.93ಕ್ಕೆ ಇಳಿಯಿತು. 1.194ನ್ನು 0.941ರಿಂದ ಗುಣಿಸಿದರೆ 1.124. ಅಲ್ಲಿನವರ 19 ಇಲ್ಲಿಗೆ ಬರುವಾಗ 12 ಆಗಿತ್ತು. ಫಂಡ್ ಮ್ಯಾನೇಜರ್ ತಪ್ಪು ಮಾಡಿರಲಿಲ್ಲ, ಷೇರೂ ಸೋತಿರಲಿಲ್ಲ.

ಮನೆಯಲ್ಲೇ ಈ ಲೆಕ್ಕ ಮಾಡಲು ಸೂಚ್ಯಂಕವೂ ಬೇಕಿಲ್ಲ. ಎರಡು ದಿನಾಂಕಗಳ ಎನ್‌ಎವಿ, ಅವೇ ದಿನಗಳ ಡಾಲರ್ ದರ, ಈ ನಾಲ್ಕು ಅಂಕಿ ಸಾಕು. ಎನ್‌ಎವಿ ಆಂಫಿ ಜಾಲತಾಣದಲ್ಲಿ ಸಿಗುತ್ತದೆ. ಡಾಲರ್‌ಗೆ ಎಫ್‌ಬಿಐಎಲ್ ಪ್ರಕಟಿಸುವ ರೆಫರೆನ್ಸ್ ದರ ಹಿಡಿಯಿರಿ. ಪ್ರತಿ ಎನ್‌ಎವಿಯನ್ನು ಆ ದಿನದ ದರದಿಂದ ಭಾಗಿಸಿದರೆ ಯೂನಿಟ್‌ನ ಬೆಲೆ ಡಾಲರ್‌ನಲ್ಲಿ ಬರುತ್ತದೆ. ಡಾಲರ್ ಬೆಲೆಯಲ್ಲಿ ಎಷ್ಟು ಏರಿತೋ ಅದು ಷೇರಿನ ಪಾಲು, ಡಿವಿಡೆಂಡ್ ಮತ್ತು ಖರ್ಚು ಅದರೊಳಗೇ ಸೇರಿರುತ್ತವೆ. ದರ ಎಷ್ಟು ಏರಿತೋ ಅದು ಕರೆನ್ಸಿಯ ಪಾಲು. ಎರಡನ್ನೂ ಗುಣಿಸಿದಾಗ ಸ್ಟೇಟ್‌ಮೆಂಟ್‌ನ ಅಂಕಿ ಬಂದರೆ ಲೆಕ್ಕ ಸರಿ.

ಬರದಿದ್ದರೆ ಮೊದಲು ದಿನಾಂಕ ನೋಡಿ. ಅಮೆರಿಕದ ಪೇಟೆ ಮುಚ್ಚುವಾಗ ನಮ್ಮಲ್ಲಿ ಮಧ್ಯರಾತ್ರಿ ದಾಟಿರುತ್ತದೆ. ಒಂದು ದಿನ ಹಿಂದುಮುಂದಾದರೂ ಶೇ 1–2 ತಪ್ಪಿಹೋಗಬಹುದು. ಆಮೇಲೆ ಕೊಂಡ ಬಗೆ ನೋಡಿ. ಷೇರು ವಿನಿಮಯ ಕೇಂದ್ರದಲ್ಲಿ ಇಟಿಎಫ್ ಕೊಂಡಿದ್ದರೆ ನೀವು ಕೊಟ್ಟದ್ದು ಎನ್‌ಎವಿ ಅಲ್ಲ, ಪೇಟೆಯ ಬೆಲೆ. ಭಾರತದ ಮ್ಯೂಚುವಲ್ ಫಂಡ್‌ಗಳು ಎಲ್ಲ ಸೇರಿ ವಿದೇಶಿ ಷೇರುಗಳಲ್ಲಿ 700 ಕೋಟಿ ಡಾಲರ್ ಮೀರಬಾರದೆಂಬ ಮಿತಿ ಇದೆ. 2022ರ ಫೆಬ್ರುವರಿಯಲ್ಲಿ ಅದು ತುಂಬುತ್ತ ಬಂದಾಗ ಹೊಸ ಹೂಡಿಕೆ ನಿಲ್ಲಿಸಬೇಕಾಯಿತು. ಹೊಸ ಯೂನಿಟ್ ಹುಟ್ಟದಿದ್ದಾಗ ಇರುವ ಯೂನಿಟ್‌ಗೆ ಜನ ಮುಗಿಬಿದ್ದು ಬೆಲೆ ಎನ್‌ಎವಿಗಿಂತ ಮೇಲೆ ಹೋಗುತ್ತದೆ. ಆ ಪ್ರೀಮಿಯಂ ಷೇರಿನದ್ದೂ ಅಲ್ಲ, ಡಾಲರ್‌ನದ್ದೂ ಅಲ್ಲ. ಅದನ್ನು ಬೇರೆ ಸಾಲಿನಲ್ಲೇ ಬರೆಯಬೇಕು, ಯಾಕೆಂದರೆ ಅದು ಯಾವಾಗ ಬೇಕಾದರೂ ಇಳಿದುಹೋಗಬಹುದು.

ಇನ್ನೊಂದು ಎಡವಟ್ಟು ಫಂಡ್ ಯಾವ ನಾಣ್ಯದಲ್ಲಿ ಲೆಕ್ಕ ಇಡುತ್ತದೆ ಎಂಬುದಕ್ಕೇ ಗಂಟುಬೀಳುವುದು. ಡಾಲರ್‌ನಲ್ಲಿ ಬೆಲೆ ತೋರಿಸುವ ಫಂಡ್ ಒಳಗೆ ಜಪಾನಿನ ಷೇರು ಇಟ್ಟುಕೊಂಡಿದ್ದರೆ ನಿಮ್ಮ ನಿಜವಾದ ಕರೆನ್ಸಿ ಯೆನ್. 2022ರಲ್ಲಿ ಒಂದು ಡಾಲರ್ ಸುಮಾರು 115 ಯೆನ್‌ನಿಂದ 131ಕ್ಕೆ ಏರಿತು, ಯೆನ್ ರೂಪಾಯಿಗಿಂತಲೂ ಹೆಚ್ಚು ಬಿತ್ತು. ರೂಪಾಯಿ ಲೆಕ್ಕದಲ್ಲಿ 100 ಯೆನ್ 64.60ರಿಂದ 63ರ ಹತ್ತಿರಕ್ಕೆ ಇಳಿಯಿತು. "ಡಾಲರ್ ಏರಿದೆ, ನಮಗೂ ಲಾಭ" ಎಂದುಕೊಂಡವರಿಗೆ ಕರೆನ್ಸಿಯಿಂದ ಸಿಕ್ಕಿದ್ದು ನಷ್ಟ. ನಡುವೆ ಬರುವ ಡಾಲರ್ ಲೆಕ್ಕದಲ್ಲಿ ಹೊಡೆದುಹೋಗುತ್ತದೆ, ಕೊನೆಗೆ ಎಣಿಕೆಗೆ ಬರುವುದು ಷೇರಿನ ಊರಿನ ನಾಣ್ಯ ಮತ್ತು ನಮ್ಮ ರೂಪಾಯಿ.

ಡಾಲರ್ ತಂದ ಲಾಭವೂ ಲಾಭವೇ, ಬ್ಯಾಂಕ್ ಖಾತೆಗೆ ಬಂದ ಮೇಲೆ ಅದಕ್ಕೆ ಬೇರೆ ಬಣ್ಣವಿಲ್ಲ. ಮಗಳನ್ನು ಓದಲು ಅಮೆರಿಕಕ್ಕೆ ಕಳಿಸುವವರಿಗೆ ಮಾತ್ರ ಬೇರೆ ಮಾತು. ಫೀಸು ಡಾಲರ್‌ನಲ್ಲೇ ಕಟ್ಟಬೇಕಾದಾಗ ರೂಪಾಯಿಯಲ್ಲಿ ಕಂಡ ಆ 12 ಸಾವಿರ ಲಾಭ ಕೈಗೆ ಸಿಗುವುದಿಲ್ಲ, ಏಕೆಂದರೆ ಫೀಸೂ ಅಷ್ಟೇ ಏರಿರುತ್ತದೆ.

ಭಾವನ ಸ್ಟೇಟ್‌ಮೆಂಟ್ ಸುಳ್ಳು ಹೇಳಿರಲಿಲ್ಲ. ಆದರೆ ಆ ಎರಡು ವರ್ಷಕ್ಕೆ ಮೆಚ್ಚುಗೆ ಸಲ್ಲಬೇಕಾದದ್ದು ಅಮೆರಿಕದ ಕಂಪನಿಗಳಿಗಲ್ಲ. ಮುಂದಿನ ಕಂತು ಹಾಕುವ ಮೊದಲು ನಿಮ್ಮ ಎನ್‌ಎವಿಯನ್ನೂ ಒಮ್ಮೆ ಡಾಲರ್‌ನಿಂದ ಭಾಗಿಸಿ ನೋಡಿ.