ಅಷ್ಟಷಟ್ಪದಿ ರಚನೆಯ ಕ್ರಮ

ಅಷ್ಟಷಟ್ಪದಿ ಅಥವಾ ಸುನೀತ ಎಂಬುದು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದ ಸಾನೆಟ್ ಎಂಬ ಹದಿನಾಲ್ಕು ಸಾಲಿನ ಪದ್ಯರೂಪ. ಇದು 13ನೆಯ ಶತಮಾನದಲ್ಲಿ ಸಿಸಿಲಿಯಲ್ಲಿ ಹುಟ್ಟಿತು. 14ನೆಯ ಶತಮಾನದ ಇಟಲಿಯ ಕವಿ ಪೆಟ್ರಾರ್ಕನಿಂದ ಪ್ರಸಿದ್ಧವಾದ ಬಗೆಯಲ್ಲಿ ಎಂಟು ಸಾಲುಗಳ ಅಷ್ಟಕ, ಆರು ಸಾಲುಗಳ ಷಟ್ಕ ಎಂಬ ಎರಡು ಭಾಗಗಳಿರುತ್ತವೆ. ಇವುಗಳ ನಡುವೆ ಭಾವ ಅಥವಾ ವಿಚಾರ ಪಡೆಯುವ ತಿರುವೇ ಈ ರೂಪದ ಜೀವಾಳ. ಕುವೆಂಪು ಅವರ 'ಕೃತ್ತಿಕೆ' ಇಂತಹ ಪದ್ಯಗಳ ಸಂಕಲನ.

ತಿರುವಿನ ನಿರ್ಧಾರ

ಮೊದಲ ಸಾಲು ಬರೆಯುವ ಮುನ್ನವೇ ತಿರುವನ್ನು ನಿರ್ಧರಿಸಿಕೊಳ್ಳಬೇಕು. ಇದಕ್ಕೆ ಗದ್ಯದಲ್ಲಿ ಎರಡು ವಾಕ್ಯ ಸಾಕು: ಅಷ್ಟಕ ಏನನ್ನು ಹೇಳುತ್ತದೆ, ಷಟ್ಕ ಅದನ್ನು ಹೇಗೆ ಬೇರೆಯಾಗಿ ಕಾಣಿಸುತ್ತದೆ. ಉದಾಹರಣೆಗೆ ಹಳೆಯ ಮನೆಯ ಬಾವಿಯನ್ನು ತೆಗೆದುಕೊಳ್ಳೋಣ. ಮೊದಲ ವಾಕ್ಯ: ನೀರು ಸೇದುವ ಹಗ್ಗ ಬಾವಿಯ ಕಲ್ಲನ್ನು ಸವೆಸಿದೆ. ಎರಡನೆಯದು 'ಈಗ ಬಾವಿ ಬತ್ತಿದೆ' ಎಂದಾದರೆ ಅದು ಕಥೆಯ ಮುಂದುವರಿಕೆ ಮಾತ್ರ. 'ಅದೇ ಹಗ್ಗ ಅಮ್ಮನ ಅಂಗೈಯನ್ನೂ ಸವೆಸಿತ್ತು, ಅದನ್ನು ನಾನು ನೋಡಲೇ ಇಲ್ಲ' ಎಂದಾದರೆ ನೋಡುವ ಕಣ್ಣೇ ಹೊರಳುತ್ತದೆ. ತಿರುವು ಎಂದರೆ ಇದು.

ಛಂದಸ್ಸು ಮತ್ತು ಪ್ರಾಸ

ಇಲ್ಲಿ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣಗಳನ್ನು, ಅಂದರೆ 20 ಮಾತ್ರೆಗಳನ್ನು ಇಟ್ಟುಕೊಳ್ಳಲಾಗಿದೆ. ಮೊದಲ ಸಾಲನ್ನು 'ಮುಂಜಾವ / ಮಬ್ಬಿನಲಿ / ರಾಟೆಯದೆ / ಕಿರುಸದ್ದು' ಎಂದು ಬಿಡಿಸಬಹುದು. ಪೆಟ್ರಾರ್ಕನ ಅಷ್ಟಕದಲ್ಲಿ ಎರಡೇ ಅಂತ್ಯಪ್ರಾಸಗಳು 'ಅ ಆ ಆ ಅ' ಕ್ರಮದಲ್ಲಿ ಎರಡು ಸಲ ಬರುತ್ತವೆ. ಅಭ್ಯಾಸ ಮಾಡುವವರು ಎರಡನೆಯ ನಾಲ್ಕು ಸಾಲಿಗೆ ಹೊಸ ಪ್ರಾಸ ತೆಗೆದುಕೊಳ್ಳುವುದು ಲೇಸು. ಇಲ್ಲವಾದರೆ ಪ್ರಾಸಕ್ಕಾಗಿ ಅರ್ಥವನ್ನು ಬಲಿಕೊಡಬೇಕಾಗುತ್ತದೆ. ಕನ್ನಡದಲ್ಲಿ 'ಬಂದಿತು, ಹೋಯಿತು' ಎಂಬಂತೆ ಪ್ರತ್ಯಯಗಳು ತಾವಾಗಿಯೇ ಹೊಂದುತ್ತವೆ. ಇದು ಅಗ್ಗದ ಪ್ರಾಸ. 'ಸದ್ದು, ಎದ್ದು' ಎಂಬಂತೆ ಪದದ ಮೂಲಭಾಗವೇ ಹೊಂದಿದರೆ ಕಿವಿಗೆ ತುಂಬುತ್ತದೆ.

ಮಾದರಿ

ಮುಂಜಾವ ಮಬ್ಬಿನಲಿ ರಾಟೆಯದೆ ಕಿರುಸದ್ದು;
ಕೊಡ ಮುಳುಗಿ ಮೇಲ್ಬಂದು ತುಳುಕುವುದು ತಿಳಿನೀರು.
ಅಮ್ಮನಿಗು ಮೊದಲಿಲ್ಲಿ ಸೇದಿದವರವರಾರು
ಹೊತ್ತು ಹುಟ್ಟುವ ಮುನ್ನ ಒಬ್ಬೊಬ್ಬರೇ ಎದ್ದು?
ಹಗ್ಗ ತಾಗಿದ ತಾವು ಸವೆದಿಹುದು ಕರಿಗಲ್ಲು;
ಬೆರಳಿಟ್ಟರಡಗುವಷ್ಟಾಳವಿದೆ ಕೊರೆದ ಗೆರೆ.
ದಿನಕೆಷ್ಟು ಸವೆಯಿತೆನೆ ಕಣ್ಣಿಗದು ಪೂರ್ತಿ ಮರೆ;
ನೂರು ವರುಷದ ಕೆಲಸವೆನ್ನುವುದು ಹಳೆಸೊಲ್ಲು.

ಕಲ್ಲ ಗೆರೆ ಕಂಡವನು ಕೈಯ ಗೆರೆ ಕಂಡೆನೇ?
ಅದೆ ಹಗ್ಗ ದಿನದಿನವು ಉಜ್ಜಿತ್ತು ಅಂಗೈಯ.
ಕಲ್ಲಿಗೇನದು ನೋವು? ಕೈಗಿತ್ತು ಆ ಬೇನೆ.
ಅವಳಿತ್ತ ಕೈತುತ್ತ ನೋಡದೆಯೆ ಉಂಡೆನೇ?
ಇಂದು ಮೆಲ್ಲಗೆ ಹಿಡಿದೆ ಮುದುಡಿರುವ ಆ ಕೈಯ;
ಸವೆದ ಗೆರೆಗಳ ನಡುವೆ ಬೆರಳಡಗಿತದು ತಾನೆ.

ಮಾದರಿಯ ವಿವರಣೆ

ಮೊದಲ ನಾಲ್ಕು ಸಾಲು ಸ್ಥಳವನ್ನೂ ಹೊತ್ತನ್ನೂ ಕಟ್ಟಿಕೊಡುತ್ತವೆ. ಮುಂದಿನ ನಾಲ್ಕು ಒಂದೇ ವಸ್ತುವಿನ ಬಳಿ, ಅಂದರೆ ಕಲ್ಲಿನ ಗೆರೆಯ ಬಳಿ, ನಿಲ್ಲುತ್ತವೆ. ಎಂಟನೆಯ ಸಾಲು ಪೂರ್ಣವಿರಾಮದಿಂದ ಮುಗಿಯುತ್ತದೆ. ಅಲ್ಲಿಗೇ ನಿಲ್ಲಿಸಿದರೂ ಓದುಗನಿಗೆ ಪದ್ಯ ಮುಗಿಯಿತೆಂದು ತೋರಬೇಕು. ಆಗಲೇ ಒಂಬತ್ತನೆಯ ಸಾಲು ಅನಿರೀಕ್ಷಿತವಾಗುತ್ತದೆ.

ಒಂಬತ್ತನೆಯ ಸಾಲಿನಲ್ಲಿ 'ಆದರೆ' ಎಂಬ ಪದವಿಲ್ಲ. ಆ ಪದವನ್ನಿಟ್ಟು ತಿರುವು ಬಂದಿತೆಂದು ಭಾವಿಸುವುದು ಕಲಿಯುವವರಲ್ಲಿ ಅತಿ ಸಾಮಾನ್ಯವಾದ ತಪ್ಪು. ಪರೀಕ್ಷಿಸುವುದು ಸುಲಭ: 'ಆದರೆ'ಯನ್ನು ಹೊಡೆದುಹಾಕಿ ಓದಬೇಕು. ಆಗ ತಿರುವು ಮಾಯವಾದರೆ ಅದು ಪದದಲ್ಲಿತ್ತೇ ಹೊರತು ವಿಚಾರದಲ್ಲಿರಲಿಲ್ಲ. ಮಾದರಿಯಲ್ಲಿ 'ಗೆರೆ' ಎಂಬ ಪದವೇ ಅಷ್ಟಕದಿಂದ ಷಟ್ಕಕ್ಕೆ ದಾಟಿ, ಕಲ್ಲಿನಿಂದ ಕೈಗೆ ಹೊರಳುತ್ತದೆ. ಹೀಗೆ ಒಂದು ವಸ್ತು ಎರಡೂ ಕಡೆ ಇದ್ದರೆ ತಿರುವು ಹಠಾತ್ತಾಗಿದ್ದರೂ ಸಂಬಂಧ ಕಡಿಯುವುದಿಲ್ಲ.

ಷಟ್ಕದ ಪ್ರಾಸಕ್ರಮ ಸಡಿಲ. ಇಲ್ಲಿ ಮೊದಲ ಮೂರು ಸಾಲಿನ ಪ್ರಾಸಗಳು ಮುಂದಿನ ಮೂರರಲ್ಲಿ ಅದೇ ಕ್ರಮದಲ್ಲಿ ಮರಳುತ್ತವೆ. 'ಅಂಗೈಯ, ಕೈಯ' ಎಂಬುದು ವಾಸ್ತವವಾಗಿ ಒಂದೇ ಪದದ ಪುನರುಕ್ತಿ, ಆದ್ದರಿಂದ ದುರ್ಬಲ ಪ್ರಾಸ. ಅದನ್ನು ತಿದ್ದಿದರೆ ಹದಿಮೂರನೆಯ ಸಾಲಿನಿಂದ ಕೈಯೇ ಮರೆಯಾಗುವುದರಿಂದ ಹಾಗೆಯೇ ಉಳಿಸಲಾಗಿದೆ. ಕೊನೆಯ ಸಾಲು ಆರನೆಯ ಸಾಲಿನ 'ಬೆರಳಿಟ್ಟರಡಗುವ' ಗೆರೆಗೆ ಉತ್ತರ. ಬೆರಳು ಅಡಗಿತು ಎಂದಷ್ಟೇ ಹೇಳಿ ತಾಯಿಯ ತ್ಯಾಗ ಮುಂತಾದ ಮಾತುಗಳನ್ನು ಬಿಟ್ಟಿದೆ. ಕೊನೆಯ ಎರಡು ಸಾಲಿನಲ್ಲಿ ನೀತಿ ಹೇಳುವ ಆಸೆ ಬಂದಾಗ ಅಷ್ಟಕದಲ್ಲಿ ಬಂದ ಒಂದು ವಸ್ತುವಿಗೆ ಮರಳುವುದು ಒಳ್ಳೆಯ ಉಪಾಯ.

ಬರೆದು ಮುಗಿದ ಮೇಲೆ ಗಟ್ಟಿಯಾಗಿ ಓದಿ, ಎಡವಿದಲ್ಲಿ ಮಾತ್ರೆಗಳನ್ನು ಬೆರಳಲ್ಲಿ ಎಣಿಸಬೇಕು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬುದನ್ನು ಮರೆಯುವುದರಿಂದಲೇ ಹೆಚ್ಚಿನ ಸಾಲುಗಳು ಕುಂಟುತ್ತವೆ.