*ಊಟದ ತಟ್ಟೆಯಿಂದ ಮೊಬೈಲ್ ದೂರ ಮಾಡುವುದು ಹೇಗೆ?*
(1ರಿಂದ 3 ವರ್ಷದ ಮಕ್ಕಳ ತಂದೆ-ತಾಯಂದಿರಿಗೆ)

ಪುಣೆಯ ಒಂದು ಕನ್ನಡ ಮನೆ ಎಂದುಕೊಳ್ಳಿ. ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆ ಸೇರುವಾಗ ಸಂಜೆ ಏಳು. ಎರಡು ವರ್ಷದ ಮಗುವಿಗೆ ಅಡುಗೆ ಆಗುವವರೆಗೆ ಟಿವಿ, ಊಟಕ್ಕೆ ಮೊಬೈಲ್. ಮೊಬೈಲ್ ಇಲ್ಲದಿದ್ದರೆ ಬಾಯಿಯೇ ತೆರೆಯುವುದಿಲ್ಲ.

ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, 2ರಿಂದ 5 ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಸಂಘ. ಊರಿನ ಅಜ್ಜಿ-ತಾತನ ಜೊತೆ ಆಗಾಗ ವಿಡಿಯೋ ಕಾಲ್ ಮಾಡಬಹುದು. ಆದರೆ ಎಲ್ಲವನ್ನೂ ಒಂದೇ ದಿನ ನಿಲ್ಲಿಸಲು ಹೋದರೆ ಮೂರನೇ ದಿನಕ್ಕೇ ಸೋಲುತ್ತೇವೆ. ಅಡುಗೆ ಹೊತ್ತಿನ 20 ನಿಮಿಷ ಟಿವಿ ಸದ್ಯಕ್ಕೆ ಇರಲಿ. *ಮೊದಲು ಊಟದಿಂದ ಬಿಡಿಸಿ.*

*ಊಟವೇ ಏಕೆ?*
ವಿಡಿಯೋ ನೋಡುತ್ತಾ ತಿನ್ನುವ ಮಗುವಿಗೆ ಹಸಿವೂ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ತುತ್ತು ಬಾಯಲ್ಲೇ ಇಟ್ಟುಕೊಂಡು ಕೂರುತ್ತದೆ. ಜಗಿಯುವುದನ್ನು, ಕೈಯಿಂದ ತಿನ್ನುವುದನ್ನು ಕಲಿಯುವುದು ತಡವಾಗುತ್ತದೆ.

*ಹೀಗೆ ಮಾಡಿ*
1️⃣ ಶುಕ್ರವಾರ ರಾತ್ರಿ ಶುರು ಮಾಡಿ. ಮರುದಿನ ಆಫೀಸಿನ ಅವಸರ ಇರುವುದಿಲ್ಲ. ಮೊದಲ ವಾರ ರಾತ್ರಿ ಊಟ ಮಾತ್ರ ಸಾಕು.

2️⃣ ಊಟಕ್ಕೆ ಎರಡು ಗಂಟೆ ಮೊದಲಿನಿಂದ ಹಾಲು, ಬಿಸ್ಕತ್ತು ಬೇಡ. ಹಸಿವಿದ್ದರೆ ಅರ್ಧ ಕೆಲಸ ಆದಂತೆ.

3️⃣ ಮೊದಲ ನಾಲ್ಕು ದಿನ ಮೊಬೈಲನ್ನು ಫ್ರಿಡ್ಜ್ ಮೇಲಿಟ್ಟು ಅದೇ ಹಾಡನ್ನು ಕೇಳಿಸಿ, ಚಿತ್ರ ಬೇಡ. ಆಮೇಲೆ ಹಾಡನ್ನೂ ನಿಲ್ಲಿಸಿ.

4️⃣ ತಟ್ಟೆಗೆ ಮೂರು ಚಮಚ ಮೊಸರನ್ನ, ಕೈಗೆ ಒಂದು ಮೆತ್ತನೆಯ ಚಪಾತಿ ತುಂಡು. ನೀವೂ ಪಕ್ಕದಲ್ಲೇ ಕೂತು ಊಟ ಮಾಡಿ, ನಿಮ್ಮ ಮೊಬೈಲೂ ದೂರವಿರಲಿ.

5️⃣ 25 ನಿಮಿಷಕ್ಕೆ ತಟ್ಟೆ ಎತ್ತಿಡಿ. ಬೈಯುವುದು, ಬಲವಂತ ಬೇಡ.

*ಎಲ್ಲಿ ತಪ್ಪುತ್ತೇವೆ?*
ಮೊದಲ ಮೂರು-ನಾಲ್ಕು ದಿನ ಅಳು ಜೋರಾಗಬಹುದು, ಊಟವೂ ಕಡಿಮೆಯಾಗಬಹುದು. ಹತ್ತು ನಿಮಿಷ ಅತ್ತ ಮೇಲೆ ಮೊಬೈಲ್ ಕೊಟ್ಟರೆ, "ಹತ್ತು ನಿಮಿಷ ಅಳಬೇಕು" ಎಂದು ಮಗು ಕಲಿಯುತ್ತದೆ. ಎತ್ತಿಕೊಳ್ಳಿ, ಸಮಾಧಾನ ಮಾಡಿ, ಮೊಬೈಲ್ ಮಾತ್ರ ಬೇಡ. ಅಳುವ ಮಗುವಿನ ಬಾಯಿಗೆ ತುತ್ತು ಇಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮಗುವನ್ನು ನೋಡಿಕೊಳ್ಳುವ ಅಜ್ಜಿ ಅಥವಾ ಆಯಾಗೂ ಇದೇ ನಿಯಮ ಮೊದಲೇ ಹೇಳಿಡಿ.

ಮಗು ಲವಲವಿಕೆಯಿಂದ ಆಡುತ್ತಾ, ಎಂದಿನಂತೆ ಮೂತ್ರ ಮಾಡುತ್ತಿದ್ದರೆ ನಾಲ್ಕು ದಿನ ಕಡಿಮೆ ತಿಂದರೂ ಗಾಬರಿ ಬೇಡ. ತಾನಾಗಿಯೇ ತಟ್ಟೆಗೆ ಕೈ ಹಾಕಿದರೆ ದಾರಿ ಸರಿ ಇದೆ ಎಂದರ್ಥ. ಆಗ ಬೆಳಗಿನ ತಿಂಡಿಗೂ ಇದೇ ಕ್ರಮ ತನ್ನಿ.

⚠️ ತೂಕ ಇಳಿದರೆ, ಗಟ್ಟಿ ಆಹಾರ ನುಂಗಲು ಕಷ್ಟಪಟ್ಟರೆ, ಹೆಸರು ಕರೆದರೆ ತಿರುಗದಿದ್ದರೆ ಅಥವಾ ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತನಾಡದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಪುಟ್ಟ ಮಕ್ಕಳಿರುವವರಿಗೆ ಕಳುಹಿಸಿ 🙏